ಎಷ್ಟು ತಪ್ಪಾದರೆ ದೊಡ್ಡ ತಪ್ಪು? ಆಡಿಟ್‌ನಲ್ಲಿ ಗಣನೀಯತೆ ಮತ್ತು ಪುರಾವೆ

ಒಂದು ಕಂಪನಿಯ ಲೆಕ್ಕಪತ್ರದಲ್ಲಿ ತಪ್ಪೇ ಇಲ್ಲ ಎಂದು ಯಾವ ಲೆಕ್ಕಪರಿಶೋಧಕರೂ ಹೇಳುವುದಿಲ್ಲ. ಆಡಿಟ್ ವರದಿಯಲ್ಲಿ ಅವರು ಹೇಳುವುದು ಇಷ್ಟೇ: ಲೆಕ್ಕಪತ್ರವು ಎಲ್ಲ ಗಣನೀಯ ಅಂಶಗಳಲ್ಲಿ ಕಂಪನಿಯ ನಿಜಸ್ಥಿತಿಯನ್ನು ನ್ಯಾಯವಾಗಿ ತೋರಿಸುತ್ತದೆ. ಈ ವಾಕ್ಯದಲ್ಲಿ ‘ಗಣನೀಯ’ ಎಂಬ ಪದ ಅಲಂಕಾರಕ್ಕೆ ಬಂದದ್ದಲ್ಲ. ಅದರ ಹಿಂದೆ ಒಂದು ಮೊತ್ತವಿರುತ್ತದೆ. ಆ ಮೊತ್ತವನ್ನು ಆಡಿಟ್ ಶುರುವಾಗುವ ಮೊದಲೇ ನಿಗದಿ ಮಾಡಿ, ಹಾಗೆ ನಿಗದಿ ಮಾಡಿದ್ದಕ್ಕೆ ಕಾರಣವನ್ನೂ ಬರೆದಿಟ್ಟಿರುತ್ತಾರೆ. ಆಡಿಟಿಂಗ್ ಪಠ್ಯಗಳಲ್ಲಿ ಮೆಟೀರಿಯಾಲಿಟಿ ಎಂದು ಕರೆಯುವುದು ಇದನ್ನೇ. ಆ ಮೊತ್ತವನ್ನು ಮೀರುವ ತಪ್ಪು ಲೆಕ್ಕದಲ್ಲಿ ಉಳಿದಿಲ್ಲ ಎಂದು ಹೇಳಲು ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಉತ್ತರವೇ ಆಡಿಟ್ ಪುರಾವೆ.

ಭಾರತದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ, ಹೊರತಂದಿರುವ ಆಡಿಟ್ ಮಾನದಂಡಗಳಲ್ಲಿ 320ನೆಯದು ಗಣನೀಯತೆಯನ್ನು ಕುರಿತದ್ದು, 500ನೆಯದು ಪುರಾವೆಯನ್ನು ಕುರಿತದ್ದು. ಪಠ್ಯಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದರಿಂದ ವಿದ್ಯಾರ್ಥಿಗಳಿಗೆ ಇವು ಬೇರೆ ಬೇರೆ ವಿಷಯಗಳಂತೆ ಕಾಣುತ್ತವೆ. ಕೆಲಸದಲ್ಲಿ ಹಾಗಿಲ್ಲ. ಮಿತಿಯನ್ನು ಕೆಳಗಿಳಿಸಿದಷ್ಟೂ ಚಿಕ್ಕ ತಪ್ಪುಗಳನ್ನೂ ಹಿಡಿಯಬೇಕಾಗುತ್ತದೆ, ಅದಕ್ಕೆ ಹೆಚ್ಚು ಪುರಾವೆ ಬೇಕಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ಮಾನದಂಡದ ಪ್ರಕಾರ, ಲೆಕ್ಕಪತ್ರವನ್ನು ನಂಬಿ ಹಣದ ನಿರ್ಧಾರ ತೆಗೆದುಕೊಳ್ಳುವವರ ಮನಸ್ಸು ಬದಲಾಗುವಷ್ಟು ದೊಡ್ಡದಾದ ತಪ್ಪು ಗಣನೀಯ ತಪ್ಪು. ಅದು ಒಂದೇ ತಪ್ಪಾಗಿರಬಹುದು ಅಥವಾ ಹಲವು ಸಣ್ಣ ತಪ್ಪುಗಳು ಸೇರಿದ ಮೊತ್ತವಾಗಿರಬಹುದು. ಬರೆಯಬೇಕಾದದ್ದನ್ನು ಬಿಟ್ಟುಬಿಡುವುದೂ ತಪ್ಪೇ. ಇಲ್ಲಿ ಲೆಕ್ಕಕ್ಕೆ ಬರುವುದು ಓದುಗರ ದೃಷ್ಟಿ, ಲೆಕ್ಕ ಬರೆದವರ ದೃಷ್ಟಿಯಲ್ಲ. ಸಾಲ ಕೊಟ್ಟ ಬ್ಯಾಂಕು, ಷೇರು ಕೊಳ್ಳುವವರು, ಸರಕು ಪೂರೈಸುವವರು ನಿಜ ತಿಳಿದಿದ್ದರೆ ಬೇರೆ ನಿರ್ಧಾರಕ್ಕೆ ಬರುತ್ತಿದ್ದರೇ ಎಂದು ಕೇಳಿಕೊಳ್ಳಬೇಕು.

ಇದನ್ನು ಅಂಕಿಯಲ್ಲಿ ನೋಡಲು ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳಬಹುದು. ಹಾಸನ ಜಿಲ್ಲೆಯಲ್ಲಿ ಒಂದು ಕಾಫಿ ಕ್ಯೂರಿಂಗ್ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ಅದು ಬೆಳೆಗಾರರಿಂದ ಕಾಫಿ ಕೊಂಡು, ಹಸನು ಮಾಡಿ, ಬೇಳೆಯನ್ನು ವರ್ಗೀಕರಿಸಿ ಮಾರುತ್ತದೆ. ಜೊತೆಗೆ ಬೆಳೆಗಾರರು ತಂದುಕೊಟ್ಟ ಕಾಫಿಯನ್ನು ಕೂಲಿಗೆ ಹಸನು ಮಾಡಿಯೂ ಕೊಡುತ್ತದೆ. ವರ್ಷದ ವಹಿವಾಟು ₹80 ಕೋಟಿ, ತೆರಿಗೆಗೆ ಮುಂಚಿನ ಲಾಭ ₹4 ಕೋಟಿ. ಮಾರ್ಚ್ 31ಕ್ಕೆ ಗೋದಾಮಿನಲ್ಲಿರುವ ದಾಸ್ತಾನು ₹14 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿ ₹9 ಕೋಟಿ.

ಮಿತಿಯನ್ನು ಯಾವುದರ ಮೇಲೆ ಕಟ್ಟಬೇಕು ಎಂಬುದು ಮೊದಲ ನಿರ್ಧಾರ. ಲಾಭಕ್ಕಾಗಿ ನಡೆಯುವ ತಯಾರಿಕಾ ಕಂಪನಿಗೆ ತೆರಿಗೆಪೂರ್ವ ಲಾಭದ ಶೇ. 5 ಸೂಕ್ತವಾಗಬಹುದು, ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಒಟ್ಟು ಆದಾಯದ ಅಥವಾ ಒಟ್ಟು ಖರ್ಚಿನ ಶೇ. 1 ಸೂಕ್ತವಾಗಬಹುದು ಎಂದು ಮಾನದಂಡ 320 ಉದಾಹರಣೆಯಾಗಿ ಹೇಳುತ್ತದೆ. ಇವು ಉದಾಹರಣೆಗಳು, ಕಟ್ಟಳೆಗಳಲ್ಲ. ಪರೀಕ್ಷೆಯಲ್ಲಿ ಶೇ. 5 ಎಂಬುದನ್ನು ನಿಯಮವೆಂದು ಬರೆದರೆ ಅದು ತಪ್ಪು ಉತ್ತರ. ನಮ್ಮ ಕಾಫಿ ಕಂಪನಿಯಲ್ಲಿ ಲಾಭದ ಶೇ. 5 ಎಂದರೆ ₹20 ಲಕ್ಷ. ವಹಿವಾಟಿನ ಶೇ. ಅರ್ಧ ತೆಗೆದುಕೊಂಡರೆ ₹40 ಲಕ್ಷವಾಗುತ್ತದೆ. ಎರಡೂ ಸಮರ್ಥಿಸಬಹುದಾದ ಲೆಕ್ಕಗಳೇ, ಆದರೂ ಒಂದು ಇನ್ನೊಂದರ ಎರಡರಷ್ಟು. ಕಂಪನಿಗೆ ಸಾಲ ಕೊಟ್ಟ ಬ್ಯಾಂಕೂ ಅದರ ಷೇರುದಾರರೂ ಮುಖ್ಯವಾಗಿ ನೋಡುವುದು ಲಾಭವನ್ನು. ಆ ಲಾಭ ಕೆಲವು ವರ್ಷಗಳಿಂದ ಸ್ಥಿರವಾಗಿದೆ. ಈ ಎರಡು ಕಾರಣ ಬರೆದು ಲೆಕ್ಕಪರಿಶೋಧಕರು ₹20 ಲಕ್ಷವನ್ನು ಆರಿಸುತ್ತಾರೆ. ಕಾಫಿ ಬೆಲೆ ಕುಸಿದು ಲಾಭ ₹10 ಲಕ್ಷಕ್ಕೆ ಇಳಿದಿದ್ದರೆ ಶೇ. 5 ಎಂದರೆ ಕೇವಲ ₹50,000. ₹80 ಕೋಟಿ ವಹಿವಾಟಿನ ಕಂಪನಿಗೆ ಅದು ಅರ್ಥವಿಲ್ಲದ ಮಿತಿ. ಅಂಥ ವರ್ಷದಲ್ಲಿ ವಹಿವಾಟನ್ನೋ ಹಲವು ವರ್ಷಗಳ ಸರಾಸರಿ ಲಾಭವನ್ನೋ ಆಧಾರವಾಗಿಟ್ಟುಕೊಳ್ಳುತ್ತಾರೆ.

₹20 ಲಕ್ಷ ಎಂಬುದು ಇಡೀ ಲೆಕ್ಕಪತ್ರಕ್ಕೆ ಅನ್ವಯಿಸುವ ಮಿತಿ. ಪ್ರತಿ ಖಾತೆಯನ್ನೂ ಇದೇ ಮಿತಿಯಿಂದ ಪರಿಶೀಲಿಸಿದರೆ ಅಪಾಯವಿದೆ. ದಾಸ್ತಾನಿನಲ್ಲಿ ₹12 ಲಕ್ಷ, ಬಾಕಿಯಲ್ಲಿ ₹11 ಲಕ್ಷ ತಪ್ಪಿದ್ದು, ಎರಡೂ ಮಿತಿಯೊಳಗಿವೆ ಎಂದು ಬಿಟ್ಟರೆ ಒಟ್ಟು ತಪ್ಪು ₹23 ಲಕ್ಷವಾಗುತ್ತದೆ. ಕಣ್ಣಿಗೆ ಬೀಳದೆ ಉಳಿದ ತಪ್ಪುಗಳೂ ಇದ್ದೇ ಇರುತ್ತವೆ. ಹೀಗಾಗಿ ಪರಿಶೀಲನೆಯ ಕೆಲಸಕ್ಕೆ ಇನ್ನೂ ಕೆಳಗಿನ ಒಂದು ಮಿತಿಯನ್ನು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ಎಂಬ ಹೆಸರಿದೆ, ಕೆಲಸದ ಮಿತಿ ಎನ್ನಬಹುದು. ರೂಢಿಯಲ್ಲಿ ಇದು ಒಟ್ಟು ಮಿತಿಯ ಶೇ. 50ರಿಂದ 75ರ ನಡುವೆ ಇರುತ್ತದೆ. ಕಂಪನಿಯ ಲೆಕ್ಕದ ವ್ಯವಸ್ಥೆ ಬಿಗಿಯಾಗಿದ್ದು ಹಿಂದಿನ ವರ್ಷಗಳಲ್ಲಿ ತಪ್ಪು ಕಡಿಮೆ ಸಿಕ್ಕಿದ್ದರೆ ಶೇ. 75ರ ಹತ್ತಿರ, ಇಲ್ಲವಾದರೆ ಶೇ. 50ರ ಹತ್ತಿರ. ನಮ್ಮ ಕಂಪನಿಯ ದಾಸ್ತಾನು ಲೆಕ್ಕ ಸ್ವಲ್ಪ ಸಡಿಲವಾದ್ದರಿಂದ ಶೇ. 60, ಅಂದರೆ ₹12 ಲಕ್ಷ. ಇದರ ಕೆಳಗೆ ಮೂರನೆಯ ಗೆರೆಯೊಂದಿದೆ. ಅದಕ್ಕಿಂತ ಚಿಕ್ಕ ತಪ್ಪನ್ನು ಪಟ್ಟಿಗೂ ಸೇರಿಸುವುದಿಲ್ಲ. ಇಲ್ಲಿ ಅದು ಒಟ್ಟು ಮಿತಿಯ ಶೇ. 5, ಅಂದರೆ ₹1 ಲಕ್ಷ ಎಂದಿಟ್ಟುಕೊಳ್ಳೋಣ.

ಮೊತ್ತ ಚಿಕ್ಕದಿದ್ದರೂ ಸ್ವಭಾವದಿಂದಲೇ ಗಣನೀಯವಾಗುವ ಸಂಗತಿಗಳೂ ಇವೆ. ಕಂಪನಿ ನಿರ್ದೇಶಕರ ಮಗನಿಗೆ ₹3 ಲಕ್ಷ ಮುಂಗಡ ಕೊಟ್ಟು ಅದನ್ನು ಲೆಕ್ಕಪತ್ರದಲ್ಲಿ ಬಹಿರಂಗಪಡಿಸದೆ ಇದ್ದರೆ, ₹20 ಲಕ್ಷದ ಮಿತಿಯನ್ನು ತೋರಿಸಿ ಅದನ್ನು ಕಡೆಗಣಿಸುವಂತಿಲ್ಲ. ₹2 ಲಕ್ಷದ ತಪ್ಪೊಂದು ನಷ್ಟವನ್ನು ಲಾಭವಾಗಿ ಮಾರ್ಪಡಿಸಿದ್ದರೆ ಅಥವಾ ಬ್ಯಾಂಕಿನ ಸಾಲದ ಷರತ್ತು ಮುರಿದದ್ದನ್ನು ಮುಚ್ಚಿದ್ದರೆ ಅದೂ ಗಣನೀಯವೇ. ಶೇಕಡಾವಾರು ಲೆಕ್ಕ ಬರೀ ಆರಂಭ. ಅದನ್ನೇ ಕೊನೆಯ ಮಾತೆಂದು ತಿಳಿಯುವುದು ಹೊಸಬರು ಹೆಚ್ಚಾಗಿ ಮಾಡುವ ತಪ್ಪು.

ಮಿತಿ ನಿಗದಿಯಾದ ಮೇಲೆ ಪುರಾವೆಯ ಕೆಲಸ ಬರುತ್ತದೆ. ಪುರಾವೆ ಸಾಕಷ್ಟಿರಬೇಕು, ತಕ್ಕದ್ದೂ ಆಗಿರಬೇಕು ಎನ್ನುತ್ತದೆ ಮಾನದಂಡ 500. ಸಾಕಷ್ಟು ಎಂಬುದು ಪ್ರಮಾಣದ ಮಾತು, ತಕ್ಕದ್ದು ಎಂಬುದು ಗುಣದ ಮಾತು. ಗುಣದಲ್ಲಿ ಮತ್ತೆ ಎರಡು ಅಂಶಗಳಿವೆ. ಪುರಾವೆಯು ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತದೆಯೇ ಎಂಬುದು ಒಂದು, ಅದನ್ನು ನಂಬಬಹುದೇ ಎಂಬುದು ಇನ್ನೊಂದು. ನಂಬಿಕೆಯ ವಿಷಯದಲ್ಲಿ ಕೆಲವು ಸಾಮಾನ್ಯ ಸೂತ್ರಗಳಿವೆ. ಕಂಪನಿಯೊಳಗೇ ಹುಟ್ಟಿದ ಕಾಗದಕ್ಕಿಂತ ಹೊರಗಿನ ಸ್ವತಂತ್ರ ಮೂಲದಿಂದ ಬಂದ ಕಾಗದ ಮೇಲು. ಇನ್ನೊಬ್ಬರ ಕೈದಾಟಿ ಬಂದದ್ದಕ್ಕಿಂತ ಲೆಕ್ಕಪರಿಶೋಧಕರು ತಾವೇ ಪಡೆದದ್ದು ಮೇಲು. ಬಾಯಿಮಾತಿಗಿಂತ ಬರಹ, ನಕಲಿಗಿಂತ ಮೂಲಪ್ರತಿ ಮೇಲು. ಇವುಗಳಲ್ಲಿ ಎರಡನೆಯ ಸೂತ್ರ ಅತ್ಯಂತ ಸರಳವಾಗಿ ಕಾಣುತ್ತದೆ. ಅದನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದನ್ನು ಭಾರತ ಸತ್ಯಂ ಪ್ರಕರಣದಲ್ಲಿ ಕಂಡಿತು.

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ₹5,361 ಕೋಟಿ ಎಂದು ತೋರಿಸಲಾಗಿತ್ತು. ಅದರಲ್ಲಿ ₹5,040 ಕೋಟಿ ಇಲ್ಲದ ಹಣ ಎಂದು ಆ ಪತ್ರದಲ್ಲಿ ಒಪ್ಪಿಕೊಂಡಿದ್ದರು. ಇಲ್ಲದ ಠೇವಣಿಯ ಮೇಲೆ ₹376 ಕೋಟಿ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಲಾಗಿತ್ತು. ಬ್ಯಾಂಕಿನಲ್ಲಿರುವ ಹಣವನ್ನು ಖಾತರಿ ಮಾಡಿಕೊಳ್ಳುವುದು ಆಡಿಟ್‌ನಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸವೆಂದು ಎಣಿಸುತ್ತಾರೆ. ಬ್ಯಾಂಕಿಗೆ ಪತ್ರ ಬರೆದು, ಇಂಥ ದಿನ ಈ ಖಾತೆಯಲ್ಲಿ ಎಷ್ಟಿತ್ತು ಎಂದು ಕೇಳಿದರೆ ಮುಗಿಯಿತು. ಸತ್ಯಂನ ಆಡಿಟ್ ಕಡತದಲ್ಲೂ ಬ್ಯಾಂಕಿನ ದೃಢೀಕರಣ ಎನ್ನಲಾದ ಕಾಗದಗಳಿದ್ದವು. ಆದರೆ ಅವುಗಳನ್ನು ಕಳಿಸುವ ಮತ್ತು ಮರಳಿ ಪಡೆಯುವ ಕೆಲಸದ ಹಿಡಿತ ಲೆಕ್ಕಪರಿಶೋಧಕರ ಬಳಿ ಇರಲಿಲ್ಲ, ಅದನ್ನು ಕಂಪನಿಯ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದರು. ಅಮೆರಿಕದ ಷೇರು ಮಾರುಕಟ್ಟೆಯಲ್ಲೂ ಸತ್ಯಂನ ಷೇರುಗಳಿದ್ದುದರಿಂದ ಅಲ್ಲಿನ ಎಸ್‌ಇಸಿ ಮತ್ತು ಆಡಿಟ್ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಪಿಸಿಎಒಬಿ ತನಿಖೆ ಮಾಡಿ, 2011ರ ಏಪ್ರಿಲ್‌ನಲ್ಲಿ ಈ ಲೋಪಕ್ಕಾಗಿ ಆಡಿಟ್ ಸಂಸ್ಥೆಗಳಿಗೆ ದಂಡ ವಿಧಿಸಿದವು.

ಈ ಪ್ರಕರಣವನ್ನು ಗಣನೀಯತೆಯ ಕಡೆಯಿಂದ ನೋಡಿದರೆ ಸಂದೇಹಕ್ಕೆ ಎಡೆಯೇ ಇಲ್ಲ, ಏಕೆಂದರೆ ತೋರಿಸಿದ ಶಿಲ್ಕಿನಲ್ಲಿ ಶೇ. 94ರಷ್ಟು ಸುಳ್ಳು. ಕಾಗದದ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಕಾಗದ ನಡೆದುಬಂದ ದಾರಿಯಲ್ಲಿ. ಹೊರಗಿನಿಂದ ಬಂದ ದೃಢೀಕರಣದ ಬೆಲೆಯೆಲ್ಲ ಇರುವುದು, ನಡುವೆ ಯಾರೂ ಅದನ್ನು ಮುಟ್ಟಿಲ್ಲ ಎಂಬುದರಲ್ಲಿ. ಕಂಪನಿಯ ಕೈ ದಾಟಿ ಬಂದ ಮರುಕ್ಷಣ ಅದು ಕಂಪನಿಯೇ ಬರೆದುಕೊಟ್ಟ ಕಾಗದದ ಮಟ್ಟಕ್ಕೆ ಇಳಿಯುತ್ತದೆ. ಅಂಥ ನೂರು ಕಾಗದ ಸೇರಿಸಿದರೂ ನೇರವಾಗಿ ಬಂದ ಒಂದರ ತೂಕ ಬರುವುದಿಲ್ಲ. ಹೊರಗಿನ ದೃಢೀಕರಣವನ್ನು ಕುರಿತ ಮಾನದಂಡ 505 ಇದೇ ಕಾರಣಕ್ಕೆ ಹಿಡಿತದ ಮೇಲೆ ಒತ್ತು ಕೊಡುತ್ತದೆ. ಯಾರನ್ನು ಕೇಳಬೇಕೆಂದು ಆರಿಸುವವರು, ವಿಳಾಸ ಸರಿಯೇ ಎಂದು ನೋಡುವವರು, ಪತ್ರ ಕಳಿಸುವವರು ಲೆಕ್ಕಪರಿಶೋಧಕರೇ ಆಗಿರಬೇಕು, ಉತ್ತರವೂ ನೇರವಾಗಿ ಅವರಿಗೇ ಬರಬೇಕು.

ಗೋದಾಮಿಗೆ ಹೋಗಿ ದಾಸ್ತಾನು ನೋಡುವ ಪದ್ಧತಿಯ ಹಿಂದೆಯೂ ಒಂದು ಹಗರಣವಿದೆ. 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಲೆಕ್ಕದಲ್ಲಿದ್ದ ಸುಮಾರು 1.9 ಕೋಟಿ ಡಾಲರಿನ ದಾಸ್ತಾನು ಮತ್ತು ಬಾಕಿಗಳು ಕಾಗದದ ಮೇಲೆ ಮಾತ್ರ ಇದ್ದವೆಂದು ಬಯಲಾಯಿತು. ಗೋದಾಮು ನೋಡುವುದಾಗಲಿ ಬಾಕಿದಾರರನ್ನು ಕೇಳುವುದಾಗಲಿ ಅಂದು ಕಡ್ಡಾಯವಾಗಿರಲಿಲ್ಲ. ಮರುವರ್ಷವೇ ಅಲ್ಲಿನ ವೃತ್ತಿಸಂಸ್ಥೆ ಎರಡನ್ನೂ ಆಡಿಟ್‌ನ ಭಾಗವಾಗಿಸಿತು.

ಕಾಫಿ ಕಂಪನಿಯ ಗೋದಾಮಿನಲ್ಲಿ ಮಾರ್ಚ್ 31ರಂದು ಎಣಿಕೆ ಮಾಡುವವರು ಕಂಪನಿಯ ನೌಕರರು. ಲೆಕ್ಕಪರಿಶೋಧಕರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಕೆಲವನ್ನು ತಾವೇ ಮತ್ತೆ ಎಣಿಸುತ್ತಾರೆ, ಕೆಲವು ಚೀಲಗಳನ್ನು ಬಿಚ್ಚಿಸಿ ತೂಗಿಸುತ್ತಾರೆ. ಪಟ್ಟಿಯಲ್ಲಿರುವ ಚೀಲ ನೆಲದ ಮೇಲಿದೆಯೇ ಎಂದು ನೋಡಿದರೆ ಇಲ್ಲದ್ದನ್ನು ಇದೆ ಎಂದು ಬರೆದದ್ದು ಸಿಗುತ್ತದೆ. ನೆಲದ ಮೇಲಿರುವ ಚೀಲ ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಇದ್ದದ್ದನ್ನು ಬಿಟ್ಟದ್ದು ಸಿಗುತ್ತದೆ. ಒಂದು ದಿಕ್ಕಿನ ಪರೀಕ್ಷೆ ಇನ್ನೊಂದು ದಿಕ್ಕಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ವೋಚರು ಮತ್ತು ಲೆಡ್ಜರಿನ ನಡುವೆಯೂ ಹೀಗೆಯೇ. ಲೆಡ್ಜರಿನಿಂದ ವೋಚರಿಗೆ ಹೋದರೆ ಸುಳ್ಳು ನಮೂದು ಸಿಗುತ್ತದೆ, ವೋಚರಿನಿಂದ ಲೆಡ್ಜರಿಗೆ ಬಂದರೆ ಬಿಟ್ಟುಹೋದ ನಮೂದು ಸಿಗುತ್ತದೆ.

ಎಣಿಕೆ ಪಕ್ಕಾ ಆದರೂ ಅದರಿಂದ ತಿಳಿಯುವುದು ಚೀಲ ಇದೆ ಎಂಬುದು ಮಾತ್ರ. ಕ್ಯೂರಿಂಗ್ ಕಂಪನಿಯ ಗೋದಾಮಿನಲ್ಲಿ ಬೆಳೆಗಾರರು ಹಸನು ಮಾಡಲು ಕೊಟ್ಟ ಕಾಫಿಯೂ ಅದೇ ಸೂರಿನಡಿ ಇರುತ್ತದೆ. ಅದು ಕಂಪನಿಯ ಆಸ್ತಿಯಲ್ಲ. ಯಾವ ಚೀಲ ಯಾರದ್ದು ಎಂಬುದಕ್ಕೆ ಖರೀದಿ ಬಿಲ್ಲು ಮತ್ತು ಬೆಳೆಗಾರರ ಹೆಸರಿನ ಆವಕ ಪುಸ್ತಕವೇ ಪುರಾವೆ. ಇನ್ನು ಬೆಲೆ ಎಷ್ಟು ಹಿಡಿಯಬೇಕು ಎಂಬುದಕ್ಕೆ ಕೊಂಡ ದರ ಮತ್ತು ವರ್ಷದ ಕೊನೆಯ ನಂತರ ಮಾರಾಟವಾದ ದರಗಳನ್ನು ನೋಡಬೇಕು, ಏಕೆಂದರೆ ದಾಸ್ತಾನನ್ನು ವೆಚ್ಚ ಅಥವಾ ಮಾರಾಟದಿಂದ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ಹಿಡಿಯಬೇಕು. ಒಂದೇ ಚೀಲದ ಬಗ್ಗೆ ಮೂರು ಪ್ರಶ್ನೆ, ಮೂರಕ್ಕೂ ಬೇರೆ ಬೇರೆ ಪುರಾವೆ.

ಬಾಕಿಯ ₹9 ಕೋಟಿಯಲ್ಲಿ ಕೆಲಸದ ಮಿತಿ ನೇರವಾಗಿ ಬಳಕೆಗೆ ಬರುತ್ತದೆ. ಒಟ್ಟು 140 ಗಿರಾಕಿಗಳಿದ್ದಾರೆ. ಅವರಲ್ಲಿ ₹12 ಲಕ್ಷಕ್ಕಿಂತ ಹೆಚ್ಚು ಬಾಕಿ ಇರುವವರು 18 ಮಂದಿ, ಅವರಿಂದಲೇ ₹6.2 ಕೋಟಿ ಬರಬೇಕು. ಈ ಹದಿನೆಂಟೂ ಜನಕ್ಕೆ ಪತ್ರ ಹೋಗುತ್ತದೆ, ಏಕೆಂದರೆ ಇವರಲ್ಲಿ ಒಬ್ಬರ ಬಾಕಿ ಸುಳ್ಳಾದರೂ ಮಿತಿ ದಾಟುತ್ತದೆ. ಉಳಿದ 122 ಮಂದಿಯ ಬಾಕಿ ₹2.8 ಕೋಟಿ. ಅವರಲ್ಲಿ 24 ಜನರನ್ನು ಮಾದರಿಯಾಗಿ ಆರಿಸಲಾಗುತ್ತದೆ, ಅವರ ಬಾಕಿ ₹56 ಲಕ್ಷ. ಮಿತಿ ₹40 ಲಕ್ಷವಾಗಿದ್ದರೆ ಪತ್ರ ಹೋಗುವ ಗಿರಾಕಿಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತಿತ್ತು.

ಹದಿನೆಂಟರಲ್ಲಿ 15 ಉತ್ತರ ಬಂದವು. ಉತ್ತರ ಬಾರದ ಮೂವರನ್ನು ಹಾಗೇ ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅವರಿಂದ ಹಣ ಬಂದಿದೆಯೇ ಎಂದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಬೇಕು. ಬಂದಿಲ್ಲದಿದ್ದರೆ ಬಿಲ್ಲು, ಇ-ವೇ ಬಿಲ್ಲು, ತೂಕದ ಚೀಟಿ, ಮಾಲು ತಲುಪಿದ್ದಕ್ಕೆ ಗಿರಾಕಿಯ ಸಹಿ ಇವುಗಳನ್ನು ತಾಳೆ ಹಾಕಬೇಕು. ಮೂವರದ್ದೂ ಸರಿಹೊಂದಿತು. ತೊಂದರೆ ಕಂಡದ್ದು ಉತ್ತರ ಬಂದ ಒಂದರಲ್ಲಿ. ಕಂಪನಿಯ ಲೆಕ್ಕಕ್ಕಿಂತ ₹14 ಲಕ್ಷ ಕಡಿಮೆ ಬಾಕಿಯನ್ನು ಆ ಗಿರಾಕಿ ತೋರಿಸಿದ್ದರು. ಬಿಲ್ಲಿನ ತಾರೀಖು ಮಾರ್ಚ್ 30, ಮಾಲು 50 ಕೆಜಿಯ 80 ಚೀಲ, ದರ ಕೆಜಿಗೆ ₹350. ಲಾರಿಯ ತೂಕದ ಚೀಟಿಯಲ್ಲಿ ಮಾತ್ರ ಏಪ್ರಿಲ್ 3 ಎಂದಿತ್ತು.

ಮಾಲು ಮಾರ್ಚ್‌ನಲ್ಲಿ ಹೊರಟೇ ಇಲ್ಲದ ಕಾರಣ ಅದು ಆ ವರ್ಷದ ಮಾರಾಟವಲ್ಲ. ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕಾದ ಮಾತಿದೆ. ಬಿಲ್ಲು ಮಾಡಿದ ಕೂಡಲೇ ಆ 80 ಚೀಲವನ್ನು ದಾಸ್ತಾನಿನಿಂದ ತೆಗೆದಿದ್ದರೆ, ಕೆಜಿಗೆ ₹300 ವೆಚ್ಚದಂತೆ ₹12 ಲಕ್ಷ ದಾಸ್ತಾನು ಕಡಿಮೆಯಾಗಿ, ಲಾಭದಲ್ಲಿ ಹೆಚ್ಚಾಗಿ ಕಾಣುವುದು ₹2 ಲಕ್ಷ ಮಾತ್ರ. ಆದರೆ ಆ ಚೀಲಗಳು ಮಾರ್ಚ್ 31ರಂದು ಗೋದಾಮಿನಲ್ಲೇ ಇದ್ದು ಎಣಿಕೆಗೂ ಸಿಕ್ಕಿದ್ದವು. ಒಂದೇ ಮಾಲು ಮಾರಾಟದಲ್ಲೂ ದಾಸ್ತಾನಿನಲ್ಲೂ ಸೇರಿ ಲಾಭ ಪೂರ್ತಿ ₹14 ಲಕ್ಷ ಉಬ್ಬಿತ್ತು. ಇಂಥದ್ದು ಒಂದು ಸಿಕ್ಕರೆ ಅಲ್ಲಿಗೆ ನಿಲ್ಲಿಸುವಂತಿಲ್ಲ, ಏಕೆಂದರೆ ಅದು ಕೈತಪ್ಪಿ ಆದದ್ದೋ ಲಾಭ ಹಿಗ್ಗಿಸಲು ಮಾಡಿದ್ದೋ ಗೊತ್ತಿರುವುದಿಲ್ಲ. ಮಾರ್ಚ್ ಕೊನೆಯ ಹತ್ತು ದಿನಗಳ ಎಲ್ಲ ಬಿಲ್ಲುಗಳನ್ನೂ ತೂಕದ ಚೀಟಿಯೊಡನೆ ತಾಳೆ ನೋಡಿದಾಗ ಇನ್ನೊಂದು ಸಿಗಲಿಲ್ಲ.

ಸಣ್ಣ ಗಿರಾಕಿಗಳ ಮಾದರಿಯಲ್ಲಿ ₹20,000 ತಪ್ಪು ಸಿಕ್ಕಿತು. ಇದು ₹1 ಲಕ್ಷದ ಗೆರೆಗಿಂತ ಚಿಕ್ಕದೆಂದು ಬಿಟ್ಟುಬಿಡುವುದು ತಪ್ಪು. ₹56 ಲಕ್ಷದಲ್ಲಿ ₹20,000 ಎಂದರೆ 280ರಲ್ಲಿ ಒಂದು ಭಾಗ, ಅದೇ ಪ್ರಮಾಣ ₹2.8 ಕೋಟಿಗೆ ₹1 ಲಕ್ಷವಾಗುತ್ತದೆ. ಮಾದರಿಯಲ್ಲಿ ಕಂಡದ್ದನ್ನು ಇಡೀ ಗುಂಪಿಗೆ ವಿಸ್ತರಿಸಿಯೇ ಪಟ್ಟಿಗೆ ಹಾಕಬೇಕು. ಇನ್ನೊಬ್ಬ ಗಿರಾಕಿ ₹9 ಲಕ್ಷ ಬಾಕಿ ನಿಜವೆಂದು ಬರೆದು ಕಳಿಸಿದ್ದರು. ಆದರೆ ಆ ಬಾಕಿ ಒಂದು ವರ್ಷಕ್ಕಿಂತ ಹಳೆಯದು, ಅವರ ವ್ಯಾಪಾರವೂ ನಿಂತಿದೆ. ಬಾಕಿ ಇದೆ ಎಂಬುದಕ್ಕೆ ಆ ಪತ್ರ ಒಳ್ಳೆಯ ಪುರಾವೆ, ಹಣ ಬರುತ್ತದೆ ಎಂಬುದಕ್ಕೆ ಪುರಾವೆಯೇ ಅಲ್ಲ. ಅದರಲ್ಲಿ ₹6 ಲಕ್ಷವಾದರೂ ಮುಳುಗಿದಂತೆ ಎಂದು ಲೆಕ್ಕಪರಿಶೋಧಕರು ಅಂದಾಜು ಮಾಡುತ್ತಾರೆ.

ಹದಿನಾಲ್ಕು, ಒಂದು, ಆರು ಸೇರಿ ₹21 ಲಕ್ಷ. ಮಿತಿ ₹20 ಲಕ್ಷ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಮಿತಿ ದಾಟುವುದಿಲ್ಲ, ಮೂರೂ ಕೂಡಿದರೆ ದಾಟುತ್ತದೆ. ಮಾನದಂಡ 450ರ ಪ್ರಕಾರ ಎಲ್ಲವನ್ನೂ ತಿದ್ದಿ ಎಂದು ಆಡಳಿತವನ್ನು ಕೇಳಬೇಕು. ಕಂಪನಿ ₹14 ಲಕ್ಷದ ಮಾರಾಟವನ್ನು ತೆಗೆದುಹಾಕಲು ಒಪ್ಪಿತು, ಉಳಿದ ₹7 ಲಕ್ಷಕ್ಕೆ ಒಪ್ಪಲಿಲ್ಲ. ತಿದ್ದಿದ ಮೇಲೆ ಲಾಭ ₹3.86 ಕೋಟಿಗೆ ಇಳಿದುದರಿಂದ ಮಿತಿಯನ್ನೂ ಮತ್ತೆ ನೋಡಬೇಕು, ಈಗ ಅದು ₹19.3 ಲಕ್ಷ. ಉಳಿದ ₹7 ಲಕ್ಷ ಅದರೊಳಗಿದೆ. ಅದರಿಂದ ಬ್ಯಾಂಕಿನ ಷರತ್ತು ಮುರಿಯುವುದಿಲ್ಲ, ಅದರಲ್ಲಿ ನಿರ್ದೇಶಕರ ಕಡೆಯವರ ವ್ಯವಹಾರವೂ ಇಲ್ಲ. ಹಾಗಾಗಿ ಆಕ್ಷೇಪವಿಲ್ಲದ ವರದಿ ಕೊಡಬಹುದು. ಏನನ್ನೂ ತಿದ್ದುವುದಿಲ್ಲ ಎಂದು ಕಂಪನಿ ಪಟ್ಟು ಹಿಡಿದಿದ್ದರೆ ಆ ಅಂಶವನ್ನು ಹೆಸರಿಸಿ ಷರತ್ತಿನ ಅಭಿಪ್ರಾಯ ಕೊಡಬೇಕಾಗುತ್ತಿತ್ತು. ತಪ್ಪು ಲೆಕ್ಕಪತ್ರದ ತುಂಬ ಹರಡಿದ್ದರೆ ಪ್ರತಿಕೂಲ ಅಭಿಪ್ರಾಯ. ತಪ್ಪಿದೆಯೋ ಇಲ್ಲವೋ ಎಂದು ತಿಳಿಯಲು ಬೇಕಾದ ಪುರಾವೆಯೇ ಸಿಗದೆ, ಅದರ ಪರಿಣಾಮವೂ ಹಾಗೆಯೇ ಹರಡಿರಬಹುದಾದರೆ ಅಭಿಪ್ರಾಯವನ್ನೇ ಕೊಡದೆ ಕಾರಣ ಬರೆಯುವುದು.

ಮಿತಿಯನ್ನು ₹20 ಲಕ್ಷಕ್ಕೆ ಇಟ್ಟ ಕಾರಣ, ಗಿರಾಕಿಗಳ ಉತ್ತರ, ತೂಕದ ಚೀಟಿಯ ಪ್ರತಿ, ತಿದ್ದದೆ ಉಳಿದ ತಪ್ಪುಗಳ ಪಟ್ಟಿ, ಎಲ್ಲವೂ ಆಡಿಟ್ ಕಡತಕ್ಕೆ ಹೋಗುತ್ತವೆ. ವರದಿಯ ತಾರೀಖಿನಿಂದ ಸಾಮಾನ್ಯವಾಗಿ 60 ದಿನಗಳೊಳಗೆ ಕಡತವನ್ನು ಜೋಡಿಸಿ ಮುಗಿಸಬೇಕು. ಅದನ್ನು ಕನಿಷ್ಠ 7 ವರ್ಷ ಕಾಪಾಡಬೇಕು.